ಫೋನಿನಲ್ಲೇ ಕತ್ತರಿ ಹಿಡಿದ ರೋಣದ ಹುಡುಗ

ದೆಹಲಿಯ ಓಲ್ಡ್ ರಾಜಿಂದರ್ ನಗರದ ಚಹಾ ಅಂಗಡಿಗಳ ಮುಂದೆ ಸಂಜೆ ಹೊತ್ತು ನಿಂತರೆ ದೇಶದ ಎಲ್ಲ ಭಾಷೆಗಳೂ ಕಿವಿಗೆ ಬೀಳುತ್ತವೆ. ದೇಶ ವಿಭಜನೆಯಾದ ಮೇಲೆ ಆ ಕಡೆಯಿಂದ ಬಂದವರಿಗಾಗಿ ಎದ್ದ ಬಡಾವಣೆ ಇದು. ಈಗ ಮನೆಮನೆಯಲ್ಲೂ ಪಿಜಿ, ಲೈಬ್ರರಿ, ಕೋಚಿಂಗ್ ಸೆಂಟರ್. ಐಎಎಸ್ ಕನಸು ಹೊತ್ತು ಬಂದ ಹುಡುಗ ಹುಡುಗಿಯರದೇ ರಾಜ್ಯ. ನಾನು ಇಲ್ಲಿರುವುದು ಪರೀಕ್ಷೆಗಲ್ಲ. ಹೆಂಡತಿಗೆ ಹತ್ತಿರದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ನನಗೆ ನೋಯ್ಡಾದ ಸ್ಟುಡಿಯೊ ಒಂದರಲ್ಲಿ ವಿಡಿಯೊ ಎಡಿಟಿಂಗ್. ಹಾಸನ ಬಿಟ್ಟು ಹದಿನಾಲ್ಕು ವರ್ಷವಾಯಿತು.

ಫೋನಿನಲ್ಲಿ ಅಮ್ಮನ ಜೊತೆ ಜೋರಾಗಿ ಕನ್ನಡದಲ್ಲಿ ಮಾತಾಡುವುದು ನನ್ನ ಹಳೆಯ ಚಾಳಿ. ಈ ಊರಿನಲ್ಲಿ ನನಗೆ ಸಿಕ್ಕ ಕನ್ನಡದ ಗೆಳೆಯರೆಲ್ಲ ಹಾಗೆಯೇ ಸಿಕ್ಕವರು. ಈ ಹುಡುಗನೂ ಅಷ್ಟೆ. ಗದಗ ಜಿಲ್ಲೆಯ ರೋಣದವನು, ಇಪ್ಪತ್ತಾರು ವರ್ಷ. ಊರಲ್ಲಿ ಅಪ್ಪನಿಗೆ ಸಣ್ಣ ಕಿರಾಣಿ ಅಂಗಡಿ. ‘ಕರ್ನಾಟಕದವ್ರೇನ್ರಿ ಸರ?’ ಎಂದು ಶುರುವಾದ ಮಾತು ಎರಡನೇ ಚಹಾ ಮುಗಿಯುವಷ್ಟರಲ್ಲಿ ನನ್ನ ಕೆಲಸದ ಕಡೆ ತಿರುಗಿತು. ನಾನು ಎಡಿಟರ್ ಎಂದು ಗೊತ್ತಾದದ್ದೇ ಅವನು ಜೇಬಿನಿಂದ ಫೋನ್ ತೆಗೆದು ‘ಸರ, ಇದೊಂದು ಬ್ಯಾನಿ ನೋಡ್ರಿ’ ಅಂದ.

ಬೇನೆ ಏನೆಂದು ಹೇಳುವ ಮೊದಲು ಅದು ಹುಟ್ಟಿದ ಹಿನ್ನೆಲೆ ಹೇಳಬೇಕು. 2024ರ ಪ್ರಿಲಿಮ್ಸ್ ಲೋಕಸಭಾ ಚುನಾವಣೆಯ ಕಾರಣ ಜೂನ್ 16ಕ್ಕೆ ಹೋಗಿತ್ತು. ಜುಲೈ 1ರಂದು ಬಂದ ಫಲಿತಾಂಶದಲ್ಲಿ ಇವನ ನಂಬರ್ ಇರಲಿಲ್ಲ. ಅದು ಮೂರನೇ ಸಲ. ತಿಂಗಳಿಗೆ ಹನ್ನೆರಡು ಸಾವಿರ ಕಳಿಸುತ್ತಿದ್ದ ಅಪ್ಪ ‘ಆಗಸ್ಟ್ ತನಕ ಕಳಸ್ತೀನಿ, ಆಮ್ಯಾಲ ಬಂದುಬಿಡು’ ಅಂದಿದ್ದರು. ಅದೇ ಜುಲೈ 27ರ ಶನಿವಾರ ಸಂಜೆ ಮಳೆ ಸುರಿದು, ಇಲ್ಲಿಯ ಕೋಚಿಂಗ್ ಸೆಂಟರ್ ಒಂದರ ನೆಲಮಾಳಿಗೆಯ ಲೈಬ್ರರಿಗೆ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ತೀರಿಕೊಂಡರು. ಆ ದಿನಗಳ ಬಗ್ಗೆ ಬರೆಯಲು ಈಗಲೂ ಕೈ ಬರುವುದಿಲ್ಲ. ಹುಡುಗರು ದಿನಗಟ್ಟಲೆ ರಸ್ತೆಯಲ್ಲೇ ಕುಳಿತರು. ಪಾಲಿಕೆಯವರು ಬಂದು ನೆಲಮಾಳಿಗೆಗಳಿಗೆ ಸಾಲಾಗಿ ಬೀಗ ಹಾಕಿದರು.

ಹಾಗೆ ಬೀಗ ಬಿದ್ದ ಒಂದು ಕೋಣೆಯಲ್ಲಿ ನಮ್ಮ ಕಡೆಯ ಮೇಷ್ಟ್ರೊಬ್ಬರು ಕನ್ನಡ ಸಾಹಿತ್ಯ ಪಾಠ ಮಾಡುತ್ತಿದ್ದರು. ಯುಪಿಎಸ್‌ಸಿ ಮೇನ್ಸ್‌ನಲ್ಲಿ ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು. ತಾವೇ ಆರು ಸಲ ಪರೀಕ್ಷೆ ಬರೆದು, ಅವಕಾಶ ಮುಗಿದ ಮೇಲೆ ಇಲ್ಲೇ ಉಳಿದವರು ಮೇಷ್ಟ್ರು. ಆ ವರ್ಷ ಅವರ ಬಳಿ ಪ್ರಿಲಿಮ್ಸ್ ಪಾಸಾದವರು ಆರೇ ಜನ. ಸೆಪ್ಟೆಂಬರ್ 20ಕ್ಕೆ ಮೇನ್ಸ್ ಶುರು. ಪಾಠ ಹೇಳಲು ಜಾಗವಿಲ್ಲ, ಆರರಲ್ಲಿ ಮೂವರು ಹೆದರಿ ಊರಿಗೇ ಹೋಗಿಬಿಟ್ಟಿದ್ದರು. ತಮ್ಮ ರೂಮಿನಲ್ಲೇ ಪಾಠ ರೆಕಾರ್ಡ್ ಮಾಡಿ ಆರೂ ಜನಕ್ಕೆ ಕಳಿಸುವುದೆಂದು ಮೇಷ್ಟ್ರು ತೀರ್ಮಾನಿಸಿದರು. ಒಟ್ಟು ಹನ್ನೊಂದು ಪಾಠ. ಎಡಿಟ್ ಮಾಡುವ ಕೆಲಸ ಈ ಹುಡುಗನಿಗೆ, ಪಾಠಕ್ಕೆ ಒಂಬೈನೂರು ರೂಪಾಯಿ. ತಾನು ಪಾಸಾಗದ ಪರೀಕ್ಷೆಗೆ, ಪಾಸಾದವರಿಗಾಗಿ ಪಾಠ ಕತ್ತರಿಸುವ ಕೆಲಸ. ಅವನು ಇದನ್ನು ನಗುತ್ತಲೇ ಹೇಳಿದ. ನಾನು ನಗಲಿಲ್ಲ.

ಎಡಿಟಿಂಗ್ ಅವನಿಗೆ ಯಾರೂ ಕಲಿಸಿದ್ದಲ್ಲ. ಮೊದಲ ಲಾಕ್‌ಡೌನಿನಲ್ಲಿ ಅಂಗಡಿ ಅರ್ಧ ದಿನ ಮುಚ್ಚಿರುತ್ತಿದ್ದಾಗ ಟಿಕ್‌ಟಾಕ್‌ಗೆಂದು ವೀವಾವಿಡಿಯೊ ಆ್ಯಪ್‌ನಲ್ಲಿ ಶುರು ಮಾಡಿದ್ದ. 2020ರ ಜೂನ್ 29ರಂದು ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಎರಡೂ ಒಂದೇ ಏಟಿಗೆ ಹೋದವು. ಆಮೇಲೆ ಕೊರಿಯಾದ ಕೈನ್‌ಮಾಸ್ಟರ್ ಹಿಡಿದ. ಊರಿನ ಮದುವೆ, ಜಾತ್ರೆ, ಒಂದು ಶಾಲೆಯ ವಾರ್ಷಿಕೋತ್ಸವ, ಎಲ್ಲವನ್ನೂ ಆರೂವರೆ ಅಂಗುಲದ ಪರದೆಯಲ್ಲೇ ಕತ್ತರಿಸಿದವನು. ಬೆರಳು ಚುರುಕಾಗಿತ್ತು. ಆದರೆ ಆ ಕೆಲಸಗಳೆಲ್ಲ ಮೂರು ನಿಮಿಷದವು, ಮೇಲೆ ಹಾಡು ಹಾಕಿದರೆ ಮುಗಿಯಿತು. ಎರಡು ತಾಸು ಒಬ್ಬರೇ ಕೂತು ಮಾತಾಡುವ ಪಾಠ ಬೇರೆಯೇ ಪ್ರಾಣಿ.

ಮೇಷ್ಟ್ರು ಪಾಠವನ್ನು ಒಂದು ಫೋನಿನಲ್ಲಿ ಚಿತ್ರೀಕರಿಸಿದ್ದರು. ದೂರದ ಫೋನಿನಲ್ಲಿ ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆಂದು, ಹಳೆಯ ಇನ್ನೊಂದು ಫೋನನ್ನು ಜೇಬಿನಲ್ಲಿಟ್ಟು ಕಾಲರ್ ಮೈಕ್ ಸಿಕ್ಕಿಸಿ ಧ್ವನಿಯನ್ನು ಅದರಲ್ಲಿ ರೆಕಾರ್ಡ್ ಮಾಡಿದ್ದರು. ಇದು ಸರಿಯಾದ ಕ್ರಮವೇ. ಪಾಠದ ಮೊದಲಿಗೆ ಮತ್ತು ಕೊನೆಗೆ ಒಂದೊಂದು ಚಪ್ಪಾಳೆ ತಟ್ಟಿದ್ದರು. ವಿಡಿಯೊದಲ್ಲಿ ಎರಡು ಅಂಗೈ ಕೂಡುವ ಚಿತ್ರ ಹಾಗೂ ಧ್ವನಿಯಲ್ಲಿ ಏಳುವ ಚೂಪು ಗೆರೆ, ಎರಡನ್ನೂ ಒಂದರ ಕೆಳಗೊಂದು ಇಟ್ಟರೆ ತುಟಿಗೆ ಮಾತು ಕೂಡುತ್ತದೆ. ಹುಡುಗ ಹಾಗೇ ಕೂಡಿಸಿದ್ದ. ಮೊದಲ ಹತ್ತು ನಿಮಿಷ ಸರಿಯಿತ್ತು. ಕೊನೆಯ ಹೊತ್ತಿಗೆ ಮೇಷ್ಟ್ರ ಬಾಯಿ ಮುಚ್ಚಿದ ಮೇಲೂ ಮಾತು ಬರುತ್ತಿತ್ತು. ನೋಡಿದ ವಿದ್ಯಾರ್ಥಿಗಳು ‘ಡಬ್ಬಿಂಗ್ ಸಿನಿಮಾ ಥರ ಇದೆ’ ಎಂದು ವಾಪಸು ಕಳಿಸಿದ್ದರು. ಮೂರು ದಿನದೊಳಗೆ ಸರಿಯಾಗದಿದ್ದರೆ ಕೆಲಸ ಬೇರೆಯವರಿಗೆ ಕೊಡುವುದಾಗಿ ಮೇಷ್ಟ್ರು ಹೇಳಿದ್ದರು. ಪರೀಕ್ಷೆ ಹತ್ತಿರವಿದ್ದಾಗ ಅವರನ್ನೂ ದೂರುವಂತಿರಲಿಲ್ಲ.

‘ಮುಂದ ಸರಿಸಿದ್ರ ಕಡೀಕ ಕೂಡತೈತ್ರಿ ಸರ, ಆದ್ರ ಮೊದಲು ಬಿಡತೈತಿ. ಎಳ್ಯಾಡಿ ಎಳ್ಯಾಡಿ ಸಾಕಾಗಿ ಹೋತು’ ಅಂದ.

ನಾನು ಅವನಿಗೆ ಹೇಳಿದ್ದು, ಎಳೆಯುವುದನ್ನು ಬಿಟ್ಟು ಮೊದಲು ಅಳೆ ಎಂದು. ಅವನ ವಿಡಿಯೊದಲ್ಲಿ ಒಂದು ಸೆಕೆಂಡಿಗೆ 30 ಚಿತ್ರ. ಒಂದೊಂದು ಚಿತ್ರಕ್ಕೂ ನಮ್ಮ ಕಸುಬಿನಲ್ಲಿ ಫ್ರೇಮ್ ಅನ್ನುತ್ತೇವೆ. ಪಾಠ 110 ನಿಮಿಷ. ಮೊದಲ ಚಪ್ಪಾಳೆ ಕೂಡಿಸಿ, ಕೊನೆಯ ಚಪ್ಪಾಳೆಗೆ ಹೋಗಿ ನೋಡಿದೆವು. ಧ್ವನಿ 12 ಫ್ರೇಮ್ ತಡ, ಅಂದರೆ ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗ. ಆಮೇಲೆ ನಡುವೆ ಮೂರು ಕಡೆ, ಮೇಷ್ಟ್ರು ‘ಪ’, ‘ಬ’, ‘ಮ’ ಹೇಳಲು ತುಟಿ ಮುಚ್ಚಿ ತೆರೆಯುವ ಜಾಗಗಳನ್ನು ಹುಡುಕಿ ಅಳೆದೆವು. ಈ ಮೂರು ಅಕ್ಷರಗಳಲ್ಲಿ ತುಟಿ ಸುಳ್ಳು ಹೇಳುವುದಿಲ್ಲ. 27ನೇ ನಿಮಿಷದ ಹತ್ತಿರ 3 ಫ್ರೇಮ್, 55ರಲ್ಲಿ 6, 82ರಲ್ಲಿ 9.

ಈ ಲೆಕ್ಕವೇ ಕಾಯಿಲೆಯ ಹೆಸರು ಹೇಳುತ್ತದೆ. ಅಂತರ ಒಂದೇ ಕಡೆ ದಿಢೀರನೆ ಹಾರಿದ್ದರೆ ನಡುವೆ ಕರೆ ಬಂದು ರೆಕಾರ್ಡಿಂಗ್ ನಿಂತಿತ್ತು, ಇಲ್ಲವೇ ಬಿಸಿಯಾದ ಫೋನು ಕೆಲವು ಫ್ರೇಮ್ ನುಂಗಿತು ಎಂದು ಅರ್ಥ. ಇಲ್ಲಿ ಹಾಗಲ್ಲ, ಸಾಲ ಬಡ್ಡಿಯಂತೆ ಸಮನಾಗಿ ಬೆಳೆದಿದೆ. ಹಾಗಾದರೆ ತಪ್ಪು ಗಡಿಯಾರದ್ದು. ಪ್ರತಿ ಫೋನಿನೊಳಗೂ ಒಂದು ಸಣ್ಣ ಹರಳಿನ ಗಡಿಯಾರ ಇರುತ್ತದೆ, ಎರಡು ಫೋನಿನವು ಕೂದಲೆಳೆಯಷ್ಟಾದರೂ ಬೇರೆಯಾಗಿ ನಡೆಯುತ್ತವೆ. ಮೇಷ್ಟ್ರ ಜೇಬಿನ ಫೋನು ದಿನಕ್ಕೆ ಐದು ಸೆಕೆಂಡ್ ಮುಂದೋಡುವ ಕೈಗಡಿಯಾರ ಇದ್ದ ಹಾಗೆ. ಮೂರು ನಿಮಿಷದ ಮದುವೆ ವಿಡಿಯೊದಲ್ಲಿ ಇದು ಯಾರಿಗೂ ಕಾಣುವುದಿಲ್ಲ, ಎರಡು ತಾಸಿನ ಪಾಠದಲ್ಲಿ ಕಣ್ಣಿಗೆ ಹೊಡೆಯುತ್ತದೆ.

‘ಸ್ಪೀಡ್ ಸ್ವಲ್ಪ ಹೆಚ್ಚು ಮಾಡಿದ್ರ?’ ಎಂದು ಕೇಳಿದ. ಯೋಚನೆ ಸರಿಯಾದದ್ದೇ, ದೊಡ್ಡ ಸ್ಟುಡಿಯೊದಲ್ಲಿ ನಾವು ಮಾಡುವುದೂ ಅದನ್ನೇ. ಆದರೆ ಫೋನಿನ ಆ್ಯಪ್‌ನಲ್ಲಿ ವೇಗವನ್ನು ನೂರರಲ್ಲಿ ಒಂದು ಭಾಗದಷ್ಟು ನುಣ್ಣಗೆ ಬದಲಿಸಲು ಬಂದರೂ, 110 ನಿಮಿಷಕ್ಕೆ ಅದು 66 ಸೆಕೆಂಡ್ ಆಗುತ್ತದೆ. ನಮಗೆ ಬೇಕಿದ್ದದ್ದು ಅರ್ಧ ಸೆಕೆಂಡಿಗೂ ಕಡಿಮೆ. ಸೂಜಿಯ ಕೆಲಸಕ್ಕೆ ಗುದ್ದಲಿ ಹಿಡಿದಂತೆ.

ಹಾಗಾಗಿ ಹಳೆಯ ದಾರಿ. ಸುಮಾರು ಹದಿನೆಂಟು ನಿಮಿಷಕ್ಕೊಮ್ಮೆ, ಮೇಷ್ಟ್ರು ಮಾತು ನಿಲ್ಲಿಸಿ ಪುಟ ತಿರುಗಿಸುವ ಜಾಗ ನೋಡಿ, ಧ್ವನಿಯಲ್ಲಿ ಮಾತ್ರ ಎರಡು ಫ್ರೇಮ್ ಮೌನ ತೆಗೆದುಹಾಕುವುದು. ಅಂಥ ಆರು ಜಾಗ, ಆರೆರಡ್ಲ ಹನ್ನೆರಡು. ಚಿತ್ರ ಮುಟ್ಟುವ ಹಾಗಿಲ್ಲ. ಧ್ವನಿ ಚಿತ್ರಕ್ಕಿಂತ ಎಂದೂ ಎರಡು ಫ್ರೇಮಿಗಿಂತ ಹೆಚ್ಚು ತಪ್ಪುವುದಿಲ್ಲ, ಅಷ್ಟನ್ನು ಕಣ್ಣು ಗುರುತಿಸುವುದಿಲ್ಲ. ಇನ್ನೊಂದು ಮಾತನ್ನೂ ಹೇಳಿಕೊಟ್ಟೆ: ಅನುಮಾನವಿದ್ದರೆ ಧ್ವನಿ ಒಂದು ಫ್ರೇಮ್ ಹಿಂದೆಯೇ ಇರಲಿ, ಮುಂದೆ ಬೇಡ. ದೂರದಲ್ಲಿ ಅಗಸ ಬಟ್ಟೆ ಒಗೆಯುವುದು ಮೊದಲು ಕಂಡು ಆಮೇಲೆ ಸದ್ದು ಕೇಳುವುದು ನಮಗೆ ಹುಟ್ಟಿನಿಂದ ರೂಢಿ. ಬಾಯಿ ತೆರೆಯುವ ಮೊದಲೇ ಮಾತು ಬಂದರೆ ಮಾತ್ರ ಮನಸ್ಸು ತಕ್ಷಣ ಕೆಡುತ್ತದೆ.

ನನ್ನ ಅಡುಗೆಮನೆಯ ಮೇಜಿನ ಮೇಲೆ ಕೂತು ನಲವತ್ತು ನಿಮಿಷದಲ್ಲಿ ಅವನೇ ಎಲ್ಲ ಮಾಡಿದ. ನಾನು ಫೋನ್ ಮುಟ್ಟಲಿಲ್ಲ. ಎರಡನೇ ಪಾಠದಿಂದ ಈ ಕಷ್ಟವೇ ಬರಬಾರದೆಂದು ಒಂದು ನಿಯಮ ಮಾಡಿದೆವು: ಇಪ್ಪತ್ತು ನಿಮಿಷಕ್ಕೊಮ್ಮೆ ಮೇಷ್ಟ್ರು ನಿಲ್ಲಿಸಬೇಕು, ಎರಡೂ ಫೋನಿನ ರೆಕಾರ್ಡಿಂಗ್ ಮುಗಿಸಿ ಹೊಸದಾಗಿ ಶುರು ಮಾಡಿ ಮತ್ತೆ ಚಪ್ಪಾಳೆ ತಟ್ಟಬೇಕು. ಜಾಗದ ತೊಂದರೆಯೂ ಇದರಿಂದ ತಪ್ಪಿತು. ಅವನ ಫೋನಿನಲ್ಲಿ ವಿಡಿಯೊ ನಿಮಿಷಕ್ಕೆ ಸುಮಾರು 130 ಎಂಬಿ, ಪಾಠ ಪೂರ್ತಿ 14 ಜಿಬಿ. ಖಾಲಿ ಇದ್ದದ್ದು 19. ಮುಗಿದ ವಿಡಿಯೊ ಹೊರತೆಗೆಯುವಾಗ ತೊಂಬತ್ತು ಪರ್ಸೆಂಟಿಗೆ ಬಂದು ಜಾಗ ಸಾಲದೆ ನಿಲ್ಲುತ್ತಿತ್ತು. ತುಂಡು ತುಂಡಾದ ಮೇಲೆ ಒಂದನ್ನು ಮುಗಿಸಿ, ಮೇಷ್ಟ್ರ ಲ್ಯಾಪ್‌ಟಾಪಿಗೆ ಸಾಗಿಸಿ, ಅಳಿಸಿ, ಇನ್ನೊಂದಕ್ಕೆ ಹೋಗುವುದು ಸಾಧ್ಯವಾಯಿತು.

ಮೂರನೇ ಪಾಠ ಬಂದಾಗ ಮೇಷ್ಟ್ರೇ ಅವನನ್ನು ಕರೆದು ಬೈದರು. ಕಾರಣ ಕೇಳಿ ನಾನು ಮನೆಯಲ್ಲಿ ಒಬ್ಬನೇ ನಕ್ಕಿದ್ದೇನೆ. ಪಾಠ ಉದ್ದವಾಯಿತೆಂದು ಹುಡುಗ ಮೌನಗಳನ್ನೆಲ್ಲ ಕಿತ್ತು ಹಾಕಿದ್ದ. ಧ್ವನಿಯ ಗೆರೆಯಲ್ಲಿ ಎಲ್ಲೆಲ್ಲಿ ಚಪ್ಪಟೆಯಾಗಿ ಕಂಡಿತೋ ಅಲ್ಲೆಲ್ಲ ಕತ್ತರಿ. ಇಂಗ್ಲಿಷ್ ಪಾಠವಾಗಿದ್ದರೆ ಬಚಾವಾಗುತ್ತಿದ್ದನೇನೋ. ಕನ್ನಡದಲ್ಲಿ ಮೌನ ಪದದ ನಡುವೆಯೂ ಇರುತ್ತದೆ. ‘ತ್ತ’, ‘ಕ್ಕ’, ‘ಪ್ಪ’ ಹೇಳುವಾಗ ಉಸಿರು ಒಂದು ಕ್ಷಣ ಕಟ್ಟಿ ನಿಲ್ಲುತ್ತದೆ, ಒತ್ತಿ ಹೇಳುವವರಲ್ಲಿ ನಾಲ್ಕೈದು ಫ್ರೇಮಿನಷ್ಟು. ಗೆರೆಯಲ್ಲಿ ಅದು ಖಾಲಿ ಜಾಗದಂತೆಯೇ ಕಾಣುತ್ತದೆ. ಮೇಷ್ಟ್ರು ಯಾವುದೋ ಉದಾಹರಣೆಗೆ ‘ಕತ್ತೆ’ ಎಂದದ್ದು ‘ಕತೆ’ ಆಗಿತ್ತು. ‘ಹೊರೆ ಹೊತ್ತ ಕತೆ’ ಎಂದು ಒಬ್ಬ ವಿದ್ಯಾರ್ಥಿ ನೋಟ್ಸ್ ಬರೆದುಕೊಂಡು, ಇದು ಯಾರ ವಿಮರ್ಶೆ ಸರ್ ಎಂದು ಬೇರೆ ಕೇಳಿದ್ದನಂತೆ.

ಇದಕ್ಕೆ ಪರಿಹಾರ ಕಣ್ಣಲ್ಲಿಲ್ಲ, ಕಿವಿಯಲ್ಲಿದೆ. ಗೆರೆ ನೋಡಿ ಜಾಗ ಗುರುತಿಸು, ಆದರೆ ಕತ್ತರಿ ಹಾಕುವ ಮೊದಲು ಕಣ್ಣು ಮುಚ್ಚಿ ಹಿಂದಿನ ಎರಡು ಸೆಕೆಂಡ್ ಕೇಳು. ವಾಕ್ಯ ಮುಗಿದಿದೆಯೇ? ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಮಾತು ಮುಗಿಸುವಾಗ ‘ಬರುತ್ತೆ’, ‘ಹೇಳ್ತಾನೆ’ ಎಂಬುದರ ಕೊನೆಯ ಸ್ವರವನ್ನು ಸ್ವಲ್ಪ ಎಳೆದು ಇಳಿಸುತ್ತೇವೆ. ಆ ಇಳಿಕೆ ಗೆರೆಯಲ್ಲಿ ಕಾಣದಷ್ಟು ತೆಳುವಾಗಿರುತ್ತದೆ. ಅದನ್ನು ಕತ್ತರಿಸಿದರೆ ಮೇಷ್ಟ್ರು ಸಿಟ್ಟಿನಲ್ಲಿದ್ದ ಹಾಗೆ ಕೇಳುತ್ತದೆ. ಹಾಗಾಗಿ ವಾಕ್ಯ ಮುಗಿದ ಮೇಲೂ ಐದಾರು ಫ್ರೇಮ್ ಬಿಟ್ಟು ಕತ್ತರಿಸಬೇಕು. ಇನ್ನೊಂದು, ಎರಡು ತುಂಡಿನ ನಡುವೆ ಪೂರ್ತಿ ನಿಶ್ಶಬ್ದ ಇಡಬಾರದು. ರೂಮಿನಲ್ಲಿ ಯಾರೂ ಮಾತಾಡದಿದ್ದರೂ ಬೀದಿಯ ಗುಂಯ್ ಎನ್ನುವ ಸದ್ದು ಇದ್ದೇ ಇರುತ್ತದೆ. ಅದು ಫಕ್ಕನೆ ನಿಂತರೆ ಕೇಳುವವನು ತನ್ನ ಇಯರ್‌ಫೋನ್ ಕೆಟ್ಟಿತೆಂದುಕೊಳ್ಳುತ್ತಾನೆ. ಪಾಠ ಶುರುವಾಗುವ ಮೊದಲು ಫ್ಯಾನ್ ಆರಿಸಿ ಅರ್ಧ ನಿಮಿಷ ಸುಮ್ಮನೆ ರೆಕಾರ್ಡ್ ಮಾಡಿಕೊಂಡು, ಬೇಕಾದ ಕಡೆ ಆ ಖಾಲಿ ರೂಮಿನ ಸದ್ದನ್ನೇ ತುಂಬಬೇಕು. ಆಗಸ್ಟಿನ ದೆಹಲಿಯ ಸೆಕೆಯಲ್ಲಿ ಫ್ಯಾನ್ ಆರಿಸಿ ಎಂದರೆ ಮೇಷ್ಟ್ರು ಅವನನ್ನು ಹೇಗೆ ನೋಡಿರಬಹುದು, ಊಹಿಸಿಕೊಳ್ಳಿ.

ಕೊನೆಯ ಕಷ್ಟ ಹಳಗನ್ನಡದ್ದು. ಪಂಪನ ಪಾಠದಲ್ಲಿ ಪದ್ಯ ಪರದೆಯ ಮೇಲೆ ಕಾಣಬೇಕು. ನಾವು ಬಿಟ್ಟುಬಿಟ್ಟ ‘ಱ’ ಮತ್ತು ‘ೞ’ ಅಲ್ಲಿ ಸಾಲುಸಾಲಿಗೆ ಬರುತ್ತವೆ. ಹುಡುಗ ಚೆಂದ ಕಂಡ ಒಂದು ಕನ್ನಡ ಫಾಂಟ್ ಹಾಕಿದ್ದ. ಆ ಎರಡು ಅಕ್ಷರಗಳು ಬಂದಲ್ಲೆಲ್ಲ ಖಾಲಿ ಚೌಕ. ಫಾಂಟ್ ಮಾಡಿದವರು ಆ ಅಕ್ಷರಗಳನ್ನು ಬರೆದೇ ಇರಲಿಲ್ಲ. ಎರಡೂ ಅಕ್ಷರ ಇರುವ ನೋಟೊ ಸಾನ್ಸ್ ಕನ್ನಡ ಹಾಕಿದ ಮೇಲೆ ಚೌಕ ಹೋಯಿತು. ಆದರೆ ಒಂದೊಂದೇ ಅಕ್ಷರ ಮೂಡಿ ಬರುವ ಎಫೆಕ್ಟ್ ಹಾಕಿದಾಗ ‘ಸ್ತ್ರೀ’ ಎಂಬುದು ಮೊದಲು ‘ಸ’, ಆಮೇಲೆ ‘ಸ್’, ಆಮೇಲೆ ‘ಸ್ತ’ ಎಂದು ತೊದಲುತ್ತ ಬಂತು. ಕಂಪ್ಯೂಟರಿನ ಲೆಕ್ಕದಲ್ಲಿ ‘ಸ್ತ್ರೀ’ ಒಂದಕ್ಷರ ಅಲ್ಲ, ಆರು ತುಣುಕು. ಇಂಗ್ಲಿಷಿಗೆ ಮಾಡಿದ ಎಫೆಕ್ಟ್ ತುಣುಕನ್ನೇ ಅಕ್ಷರವೆಂದು ತಿಳಿಯುತ್ತದೆ. ಅವನು ಕಂಡುಕೊಂಡ ಉಪಾಯ ನನಗೂ ಹೊಳೆದಿರಲಿಲ್ಲ. ಪದ್ಯವನ್ನು ಫೋನಿನ ನೋಟ್ಸ್‌ನಲ್ಲಿ ಸರಿಯಾಗಿ ಟೈಪ್ ಮಾಡಿ, ಸ್ಕ್ರೀನ್‌ಶಾಟ್ ತೆಗೆದು, ಚಿತ್ರವಾಗಿ ವಿಡಿಯೊ ಮೇಲೆ ಇಟ್ಟ. ಅದರ ಮೇಲೊಂದು ಬಣ್ಣದ ಪಟ್ಟಿ ಇಟ್ಟು ಎಡದಿಂದ ಬಲಕ್ಕೆ ಮೆಲ್ಲಗೆ ಸರಿಸಿದ. ಮೇಷ್ಟ್ರು ಓದಿದಂತೆ ಪದ್ಯ ತೆರೆದುಕೊಳ್ಳುತ್ತ ಹೋಯಿತು, ಒತ್ತಕ್ಷರ ಒಂದೂ ಕದಲಲಿಲ್ಲ.

ಹನ್ನೊಂದನೆಯ ಪಾಠ ಸೆಪ್ಟೆಂಬರ್ ಎರಡನೇ ವಾರದಲ್ಲಿ ಮುಗಿಯಿತು. ಒಟ್ಟು 9,900 ರೂಪಾಯಿ. ಎರಡು ಜನ ಹಂಚಿಕೊಂಡಿದ್ದ ರೂಮಿನಲ್ಲಿ ಅವನ ಪಾಲಿನ ಬಾಡಿಗೆ 9,000. ಅಪ್ಪ ಹೇಳಿದ ಆಗಸ್ಟ್ ದಾಟಿತ್ತು, ದುಡ್ಡು ಬರುವುದು ನಿಂತಿತ್ತು, ಇನ್ನೂ ಯಾಕೆ ಊರಿಗೆ ಬಂದಿಲ್ಲ ಎಂದು ಮನೆಯಲ್ಲಿ ಕೇಳತೊಡಗಿದ್ದರು. ಒಂದು ಭಾನುವಾರ ಅವನು ನಮ್ಮ ಮನೆಯಲ್ಲಿ ಊಟ ಮಾಡುತ್ತ, ಅಪ್ಪನಿಗೆ ಒಂದು ಪಾಠದ ವಿಡಿಯೊ ಕಳಿಸಿದ್ದೇನೆ ಅಂದ. ಕೈಯಲ್ಲಿ ತುತ್ತು ಹಾಗೇ ಇತ್ತು, ಫೋನ್ ಬಂತು. ಸ್ಪೀಕರ್ ಹಾಕಿದ.

‘ತಮ್ಮಾ, ಇದ್ರಾಗ ಮಾತಾಡವ್ರು ಮಾಸ್ತರು. ನೀ ಏನು ಮಾಡಿದಿ?’

ಅವನು ನನ್ನ ಮುಖ ನೋಡಿದ. ನಾನು ಅನ್ನ ಕಲಸುತ್ತ ಕೂತೆ, ಅದಕ್ಕೆ ನಾನು ಉತ್ತರ ಹೇಳುವಂತಿರಲಿಲ್ಲ. ‘ತಡೀಯಪಾ’ ಎಂದು ಫೋನಿಟ್ಟು, ಅದೇ ಪಾಠದ ಕತ್ತರಿ ಹಾಕದ ಮೊದಲ ಎರಡು ನಿಮಿಷ ಮತ್ತು ಮುಗಿಸಿದ ಎರಡು ನಿಮಿಷ, ಎರಡನ್ನೂ ಕಳಿಸಿದ. ಮಜ್ಜಿಗೆ ಕುಡಿದು ಮುಗಿಸುವ ಹೊತ್ತಿಗೆ ಮತ್ತೆ ಕರೆ. ಹಿಂದೆ ಯಾರೋ ಅರ್ಧ ಕೆಜಿ ಬೆಲ್ಲ ಕೇಳುತ್ತಿದ್ದದ್ದು ಕೇಳಿಸುತ್ತಿತ್ತು.

‘ಮೊದಲನೇದ್ರಾಗ ಮಾಸ್ತರು ದಣದಾರ. ಎರಡನೇದ್ರಾಗ ಆರಾಮ ಅದಾರ. ಎರಡ್ ದಿನ ತಗದಿದ್ದೇನು?’

‘ಇಲ್ಲಪಾ, ಒಂದ ದಿನದ್ದು.’

ಸ್ವಲ್ಪ ಹೊತ್ತು ಆ ಕಡೆ ತಕ್ಕಡಿಯ ಸದ್ದು ಮಾತ್ರ.

‘ಎಷ್ಟು ಕೊಡ್ತಾರ?’

‘ಒಂದಕ್ಕ ಒಂಬೈನೂರು.’

‘ತಿಂಗಳಿಗೆ ಇಂಥಾವು ಎಷ್ಟು ಬರ್ತಾವ?’

ಅದಕ್ಕೆ ಅವನ ಬಳಿ ಉತ್ತರ ಇರಲಿಲ್ಲ. ಮೇನ್ಸ್ ಮುಗಿದರೆ ಮೇಷ್ಟ್ರ ಪಾಠವೂ ಮುಗಿಯಿತು. ‘ನೋಡಿ ಹೇಳ್ತೀನಪಾ’ ಅಂದ. ಮರುದಿನ ಬೆಳಿಗ್ಗೆ ನನ್ನ ಮನೆ ಬಾಗಿಲು ತಟ್ಟಿ, ನೋಯ್ಡಾಕ್ಕೆ ಹೋಗುವ ಮೆಟ್ರೊ ಎಷ್ಟು ಹೊತ್ತಿಗೆ ಹಿಡಿಯುತ್ತೀರಿ ಸರ ಎಂದು ಕೇಳಿದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಕೈಯಲ್ಲಿ ಚಾರ್ಜರ್ ಇತ್ತು.